ಷೇರು ಮರುಖರೀದಿ: 13,000 ಕೋಟಿ ಹೋದಾಗ 56 ಕೋಟಿ ಏಕೆ ಉಳಿಯಬೇಕು?

2017ರ ಕೊನೆಯಲ್ಲಿ ಬೆಂಗಳೂರಿನ ಇನ್ಫೋಸಿಸ್ ತನ್ನದೇ ಸುಮಾರು 11.3 ಕೋಟಿ ಷೇರುಗಳನ್ನು ಷೇರುದಾರರಿಂದ ಮರಳಿ ಕೊಂಡಿತು. ಪ್ರತಿ ಷೇರಿಗೆ ಕೊಟ್ಟದ್ದು 1,150 ರೂಪಾಯಿ, ಒಟ್ಟು 13,000 ಕೋಟಿ. ಆದರೆ ಆ ಷೇರಿನ ಮುಖಬೆಲೆ ಬರೀ 5 ರೂಪಾಯಿ. ಉಳಿದ 1,145 ರೂಪಾಯಿ ಪ್ರೀಮಿಯಂ. ಲೆಕ್ಕದ ಪುಸ್ತಕದಲ್ಲಿ ಈ ಎರಡು ಭಾಗಗಳ ದಾರಿ ಬೇರೆ ಬೇರೆ.

ಕೊಂಡ ಷೇರುಗಳನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ, ರದ್ದುಮಾಡಬೇಕು. ಆದ್ದರಿಂದ ಮುಖಬೆಲೆಯ ಲೆಕ್ಕದಲ್ಲಿ ಸುಮಾರು 56.5 ಕೋಟಿಯನ್ನು ಷೇರು ಬಂಡವಾಳ ಖಾತೆಗೆ ಡೆಬಿಟ್ ಮಾಡುತ್ತಾರೆ. ಉಳಿದ ಸುಮಾರು 12,943.5 ಕೋಟಿ ‘ಮರುಖರೀದಿ ಪ್ರೀಮಿಯಂ’ ಖಾತೆಗೆ ಡೆಬಿಟ್ ಆಗುತ್ತದೆ. ಇಡೀ 13,000 ಕೋಟಿ ಷೇರುದಾರರ ಖಾತೆಗೆ ಕ್ರೆಡಿಟ್ ಆಗಿ, ಹಣ ಪಾವತಿಸಿದಾಗ ಬ್ಯಾಂಕ್ ಖಾತೆಯಿಂದ ಹೊರಹೋಗುತ್ತದೆ.

ಪ್ರೀಮಿಯಂ ವರ್ಷದ ಖರ್ಚಲ್ಲ. ಅದನ್ನು ಲಾಭ-ನಷ್ಟ ಪಟ್ಟಿಗೆ ಹಾಕಿದರೆ ವ್ಯವಹಾರ ಕೆಡದಿದ್ದರೂ ಲಾಭ ಕುಸಿದಂತೆ ಕಾಣುತ್ತದೆ. ಹಾಗಾಗಿ ಅದನ್ನು ಸೆಕ್ಯುರಿಟೀಸ್ ಪ್ರೀಮಿಯಂ ಮತ್ತು ಸಾಮಾನ್ಯ ಮೀಸಲಿನಲ್ಲಿ ಕಳೆಯುತ್ತಾರೆ. ಇನ್ಫೋಸಿಸ್ ಬಳಸಿದ್ದೂ ಈ ಎರಡನ್ನೇ.

ಇಲ್ಲಿಗೆ ಕೆಲಸ ಮುಗಿಯುವುದಿಲ್ಲ. 2013ರ ಕಂಪನಿ ಕಾಯ್ದೆಯ 69ನೇ ಕಲಮಿನ ಪ್ರಕಾರ, ಮುಕ್ತ ಮೀಸಲು ಅಥವಾ ಸೆಕ್ಯುರಿಟೀಸ್ ಪ್ರೀಮಿಯಂ ಬಳಸಿ ಷೇರು ಕೊಂಡರೆ, ಆ ಷೇರುಗಳ ಮುಖಬೆಲೆಯಷ್ಟನ್ನು ಬಂಡವಾಳ ವಿಮೋಚನಾ ಮೀಸಲಿಗೆ ವರ್ಗಾಯಿಸಬೇಕು. ಸಾಮಾನ್ಯ ಮೀಸಲು ಡೆಬಿಟ್, ವಿಮೋಚನಾ ಮೀಸಲು ಕ್ರೆಡಿಟ್. ಇನ್ಫೋಸಿಸ್ ಹೀಗೆ ತೋರಿಸಿದ್ದು 56 ಕೋಟಿ.

ಇದು ಕಂಪನಿಗೆ ಸಾಲದ ಮೇಲೆ ಮಾಲು ಕೊಟ್ಟವರ, ಸಾಲ ಕೊಟ್ಟವರ ರಕ್ಷಣೆಗಾಗಿ ಇರುವ ನಿಯಮ. ಷೇರು ಬಂಡವಾಳವನ್ನು ಲಾಭಾಂಶವಾಗಿ ಹಂಚುವಂತಿಲ್ಲ, ಸಾಮಾನ್ಯ ಮೀಸಲನ್ನು ಹಂಚಬಹುದು. ಬಂಡವಾಳದಲ್ಲಿ 56 ಕೋಟಿ ಕರಗಿದಾಗ, ಹಂಚಬಹುದಾದ ಮೀಸಲಿನ ಅಷ್ಟೇ ಮೊತ್ತಕ್ಕೆ ಬೀಗ ಬೀಳುತ್ತದೆ. ಕೈಬಿಡದೆ ಕಂಪನಿಯಲ್ಲಿ ಉಳಿಯಲೇಬೇಕಾದ ಮೊತ್ತ ಮೊದಲಿನಷ್ಟೇ ಇರುತ್ತದೆ. ಈ ಮೀಸಲನ್ನು ಮುಂದೆ ಪೂರ್ಣ ಪಾವತಿಯಾದ ಬೋನಸ್ ಷೇರು ಕೊಡಲು ಬಳಸಬಹುದು, ಏಕೆಂದರೆ ಆಗ ಅದು ಮತ್ತೆ ಷೇರು ಬಂಡವಾಳವೇ ಆಗುತ್ತದೆ. ಬೇರೆ ವರ್ಗದ ಹೊಸ ಷೇರುಗಳನ್ನು ಮಾರಿ ಬಂದ ಹಣದಿಂದ ಮರುಖರೀದಿ ಮಾಡಿದರೆ, ಬಂಡವಾಳದ ಜಾಗವನ್ನು ಹೊಸ ಬಂಡವಾಳವೇ ತುಂಬುವುದರಿಂದ ಆ ಮಟ್ಟಿಗೆ ವರ್ಗಾವಣೆ ಬೇಕಿಲ್ಲ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಕೆಲವರು ಖರೀದಿ ಬೆಲೆಯನ್ನೇ ವಿಮೋಚನಾ ಮೀಸಲಿಗೆ ಹಾಕುತ್ತಾರೆ. ಬೇಕಾದದ್ದು ಮುಖಬೆಲೆ ಮಾತ್ರ. ಇನ್ನು ಕೆಲವರು ಈ ಮೀಸಲು ಎಂದರೆ ಬ್ಯಾಂಕಿನಲ್ಲಿ ಎತ್ತಿಟ್ಟ ಹಣ ಎಂದುಕೊಳ್ಳುತ್ತಾರೆ. ಅಲ್ಲ, ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಹೆಸರು ಬದಲಾದ ಮೊತ್ತ. ವಾರ್ಷಿಕ ವರದಿ ಕೈಗೆ ಬಂದಾಗ, ರದ್ದಾದ ಷೇರುಗಳ ಸಂಖ್ಯೆಯನ್ನು ಮುಖಬೆಲೆಯಿಂದ ಗುಣಿಸಿ ನೋಡಿ. ಮೀಸಲುಗಳ ಹಣದಿಂದಲೇ ಮರುಖರೀದಿ ನಡೆದಿದ್ದರೆ, ಆ ವರ್ಷ ಬಂಡವಾಳ ವಿಮೋಚನಾ ಮೀಸಲಿಗೆ ಸೇರಿದ ಮೊತ್ತ ಅದಕ್ಕೆ ಸರಿಹೊಂದಬೇಕು.