ತೌಡಿನ ಪೊರೆ ದಾಟಬೇಕಾದ ನೀರು

ಭತ್ತದ ಉಮಿಯನ್ನಷ್ಟೇ ತೆಗೆದರೆ ಸಿಗುವುದು ಕಂದು ಅಕ್ಕಿ. ಅದನ್ನು ಮತ್ತೆ ಉಜ್ಜಿ ಮೇಲಿನ ತೌಡನ್ನೂ ತುದಿಯ ಮೊಳಕೆಯನ್ನೂ ಕಳೆದರೆ ಪಾಲಿಶ್ ಅಕ್ಕಿ. ಹೀಗೆ ಕಳೆದುಹೋಗುವುದು ತೂಕದಲ್ಲಿ ನೂರಕ್ಕೆ ಹತ್ತು ಪಾಲಿನಷ್ಟು. ಒಲೆಯ ಮೇಲೆ ಮಾತ್ರ ಅಂತರ ದೊಡ್ಡದು. ಪಾಲಿಶ್ ಮಾಡಿದ ಸೋನಾ ಮಸೂರಿ ತೆರೆದ ಪಾತ್ರೆಯಲ್ಲಿ 15ರಿಂದ 20 ನಿಮಿಷಕ್ಕೆ ಅನ್ನವಾದರೆ, ಅದೇ ತಳಿಯ ಕಂದು ಅಕ್ಕಿ 40 ನಿಮಿಷವಾದರೂ ಬೇಡುತ್ತದೆ.

ಅಕ್ಕಿ ಬೇಯಲು ಶಾಖವೊಂದೇ ಸಾಲದು. ಕಾಳಿನೊಳಗಿನ ಪಿಷ್ಟ ನೀರು ಹೀರಿ ಉಬ್ಬಿದಾಗಲೇ ಅದು ಮೆತ್ತಗಾಗುವುದು. ಹೆಚ್ಚಿನ ತಳಿಗಳಲ್ಲಿ ಪಿಷ್ಟ 60ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಬ್ಬುತ್ತದೆ. ಕುದಿಯುವ ನೀರಿಗೆ ಬಿದ್ದ ಸಣ್ಣ ಕಾಳಿನ ನಡುವಿಗೆ ಇಷ್ಟು ಬಿಸಿ ಬಹುಬೇಗ ತಲುಪುತ್ತದೆ, ತಡವಾಗುವುದು ನೀರು. ಒಣಗಿದ ಅಕ್ಕಿಯಲ್ಲಿ ತೇವಾಂಶ ಶೇಕಡ 12–14ರಷ್ಟಿರುತ್ತದೆ, ಪಿಷ್ಟ ಉಬ್ಬಲು ಅದು ಏನೇನೂ ಸಾಲದು. ಪಾಲಿಶ್ ಅಕ್ಕಿಯಲ್ಲಿ ಪಿಷ್ಟವೇ ನೀರಿಗೆ ತೆರೆದುಕೊಂಡಿರುತ್ತದೆ. ಕಂದು ಅಕ್ಕಿಯಲ್ಲಿ ನೀರು ಮೊದಲು ತೌಡಿನ ಪೊರೆಗಳನ್ನು ದಾಟಬೇಕು. ಅವುಗಳಲ್ಲಿ ನಾರೂ ಇದೆ, ಎಣ್ಣೆಯೂ ಇದೆ (ಅಂಗಡಿಯಲ್ಲಿ ಸಿಗುವ ತೌಡೆಣ್ಣೆ ಇದರಿಂದಲೇ ತೆಗೆದದ್ದು), ಎರಡೂ ನೀರನ್ನು ತಡೆಯುತ್ತವೆ.

ಆದ್ದರಿಂದ ಉರಿ ಜೋರು ಮಾಡಿದರೆ ಪ್ರಯೋಜನವಿಲ್ಲ. ನೀರು ರಭಸವಾಗಿ ಕುದಿದು ಆವಿಯಾಗುತ್ತದೆ, ಕಾಳಿನ ಹೊರಮೈ ಬಿರಿದು ಅಂಟಂಟಾಗುತ್ತದೆ, ನಡುವೆ ಗಟ್ಟಿ ಉಳಿಯುತ್ತದೆ. ಒಂದು ಅಗುಳನ್ನು ಬೆರಳಲ್ಲಿ ಹಿಸುಕಿದರೆ ತಿಳಿಯುತ್ತದೆ: ಬೆಂದ ಪಿಷ್ಟ ಅರೆಪಾರದರ್ಶಕ, ನಡುವೆ ಬಿಳಿ ಚುಕ್ಕೆ ಕಂಡರೆ ಅಲ್ಲಿಗೆ ನೀರು ಮುಟ್ಟಿಲ್ಲ.

ನೆನೆಸಿದಾಗ ಈ ನಿಧಾನದ ಕೆಲಸ ಒಲೆ ಹಚ್ಚುವ ಮೊದಲೇ ಮುಗಿದಿರುತ್ತದೆ. ಪಾಲಿಶ್ ಅಕ್ಕಿಗೆ ಅರ್ಧ ಗಂಟೆ ಸಾಕು, ಕಂದು ಅಕ್ಕಿಗೆ 6ರಿಂದ 8 ಗಂಟೆ ಬೇಕು. ಒಂದು ಲೋಟ ಅಕ್ಕಿಯನ್ನು ರಾತ್ರಿ ತೊಳೆದು, ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ನೆನೆಹಾಕಬೇಕು. ಬೆಳಿಗ್ಗೆ ಕಾಳು ಉಗುರಿನಿಂದ ಒತ್ತಿದರೆ ಮುರಿಯುವಂತಿದ್ದರೆ ನೆನೆದಿದೆ ಎಂದರ್ಥ. ಆ ನೀರು ಬಸಿದು, ಎರಡು ಲೋಟ ಹೊಸ ನೀರು ಹಾಕಿ, ಒಂದು ಕುದಿ ಬಂದ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿಟ್ಟರೆ 25–30 ನಿಮಿಷಕ್ಕೆ ಬೇಯುತ್ತದೆ. ನೆನೆಸದೆ ಬೇಯಿಸುವುದಾದರೆ ನೀರು ಎರಡೂವರೆ ಲೋಟಕ್ಕೆ ಏರುತ್ತದೆ. ಉರಿ ಆರಿಸಿದ ಮೇಲೂ ಹತ್ತು ನಿಮಿಷ ಮುಚ್ಚಳ ತೆಗೆಯಬಾರದು. ಹೊರಗಿನ ತೇವ ಒಳಗೆ ಹಂಚಿಕೊಳ್ಳುವುದು ಆಗಲೇ.

ಸಮಯವಿಲ್ಲದವರು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಬಹುದು, ಬಿಸಿ ಹೆಚ್ಚಿದಷ್ಟೂ ನೀರು ಬೇಗ ಒಳಹೋಗುತ್ತದೆ. ಬೇಸಿಗೆಯಲ್ಲಿ ಮಾತ್ರ ಎಚ್ಚರ ಬೇಕು: ಸೆಕೆಗೆ ನೀರು ಹುಳಿಯತೊಡಗಿ ನೊರೆಯೂ ವಾಸನೆಯೂ ಬರುತ್ತವೆ. ಇಡೀ ರಾತ್ರಿ ನೆನೆಯಬೇಕಾದರೆ ಫ್ರಿಜ್ಜಿನಲ್ಲಿಡುವುದೇ ಸರಿ. ಎಷ್ಟೇ ನೆನೆಸಿದರೂ ತೌಡು ಕರಗುವುದಿಲ್ಲ, ಅನ್ನದಲ್ಲಿ ಅಗಿಯುವ ಗುಣ ಉಳಿದೇ ಉಳಿಯುತ್ತದೆ.

ಕರಾವಳಿಯ ಕುಚ್ಚಲಕ್ಕಿ ತಡವಾಗಿ ಬೇಯುವುದಕ್ಕೆ ಕಾರಣ ಬೇರೆ. ಭತ್ತವನ್ನು ಉಮಿಯೊಂದಿಗೇ ಬೇಯಿಸಿ ಒಣಗಿಸುವಾಗ ಪಿಷ್ಟ ಒಮ್ಮೆ ಉಬ್ಬಿ ಮತ್ತೆ ಬಿಗಿಯಾಗಿರುತ್ತದೆ. ತೌಡು ಉಳಿಸಿಕೊಂಡ ಕೆಂಪು ಕುಚ್ಚಲಕ್ಕಿಯಲ್ಲಿ ಈ ಎರಡು ತಡೆಗಳೂ ಸೇರಿರುವುದರಿಂದ ಅದಕ್ಕೆ ನೀರೂ ಹೊತ್ತೂ ಎರಡೂ ಹೆಚ್ಚು ಬೇಕು.