ಫೋಟೋದಲ್ಲಿ ಕಂಡ ಬಿ.ಪಿ. ಮುಳ್ಳನ್ನು ಓದುವ ಕ್ರಮ

ಕಳೆದ ತಿಂಗಳು ಒಂದು ಮುಂಜಾನೆ, ನನ್ನ ಹಳೆಯ ರೋಗಿಯೊಬ್ಬರ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳುಹಿಸಿದರು. ಮುಳ್ಳು ತಿರುಗುವ ದುಂಡನೆಯ ಬಿ.ಪಿ. ಮಾಪಕದ ಚಿತ್ರವದು. ಕೆಳಗೆ ಹೀಗೆ ಬರೆದಿದ್ದರು: "ಅಪ್ಪಾರ ಬಿ.ಪಿ. 152 ಐತ್ರಿ ಡಾಕ್ಟ್ರ, ಇನ್ನೊಂದು ಗುಳಿಗಿ ಕೊಡ್ಲೇನ್ರಿ?" ಕೊಡಬೇಡಿರೆಂದು ತಿಳಿಸಿ, ಆ ಚಿತ್ರವನ್ನು ನಿಧಾನವಾಗಿ ಓದಲು ಕುಳಿತೆನು.

ಇಂತಹ ಮಾಪಕವನ್ನು ಓದುವಾಗ ಮುಳ್ಳಿನ ತುದಿಗಿಂತ ಮೊದಲು ಅದರ ಎರಡೂ ಬದಿಯ ಅಂಕಿಗಳನ್ನು ನೋಡಬೇಕು. ಆ ಚಿತ್ರದಲ್ಲಿ ಮುಳ್ಳು 140 ಮತ್ತು 160ರ ನಡುವೆ ಇತ್ತು. ಈ ಮಾಪಕಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತಕ್ಕೊಂದರಂತೆ ಮಾತ್ರ ಅಂಕಿ ಬರೆದಿರುತ್ತಾರೆ. 150ರಲ್ಲಿ ಉದ್ದನೆಯ ಗೆರೆಯಿದ್ದರೂ ಅಂಕಿ ಇರುವುದಿಲ್ಲ. ಮುಂದಿನ ಹೆಜ್ಜೆ, ಎರಡು ಅಂಕಿಗಳ ನಡುವೆ ಎಷ್ಟು ಮನೆಗಳಿವೆಯೆಂದು ಎಣಿಸುವುದು. ಇಲ್ಲಿ ಹತ್ತು ಮನೆಗಳಿದ್ದವು. ಇಪ್ಪತ್ತನ್ನು ಹತ್ತರಿಂದ ಭಾಗಿಸಿದರೆ ಒಂದು ಮನೆಯ ಬೆಲೆ 2. ಮುಳ್ಳು 140ರಿಂದ ಏಳನೆಯ ಗೆರೆಯ ಮೇಲಿತ್ತು, ಅಂದರೆ 154. ಆ ಯುವಕರು 150ರ ಉದ್ದ ಗೆರೆಯನ್ನು ಸರಿಯಾಗಿಯೇ ಗುರುತಿಸಿ, ಅಲ್ಲಿಂದಾಚೆಯ ಎರಡು ಗೆರೆಗಳನ್ನು ಒಂದೊಂದೆಂದು ಎಣಿಸಿದ್ದರು. ಬಹುಜನರು ಎಡವುವುದು ಇಲ್ಲಿಯೇ.

ಆದರೆ 154 ಎಂಬುದನ್ನೂ ನಾನು ನಂಬಲಿಲ್ಲ. ಚಿತ್ರದಲ್ಲಿ ದುಂಡಗಿರಬೇಕಾದ ಮಾಪಕ ಮೊಟ್ಟೆಯಾಕಾರದಲ್ಲಿ ಕಾಣುತ್ತಿತ್ತು. ಅದರ ಅಂಚಿನ ಒಳಗೋಡೆ ಬಲಗಡೆ ಮಾತ್ರ ತೋರುತ್ತಿತ್ತು. ಫೋನನ್ನು ಎಡಗಡೆಯಿಂದ ಓರೆಯಾಗಿ ಹಿಡಿದಿದ್ದರೆಂಬುದಕ್ಕೆ ಅದೇ ಗುರುತು. ಮುಳ್ಳು ಗೆರೆಗಳ ಮೇಲೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ಎತ್ತರದಲ್ಲಿರುತ್ತದೆ. ಆದಕಾರಣ ಓರೆಯಾಗಿ ನೋಡಿದಾಗ ಅದು ಪಕ್ಕದ ಗೆರೆಯ ಮೇಲೆ ಬಂದಂತೆ ತೋರುತ್ತದೆ. ಯಾವ ಬದಿಯ ಒಳಗೋಡೆ ಕಾಣುವುದೋ ಆ ಬದಿಗೆ ಮುಳ್ಳು ಸರಿದಂತಿರುತ್ತದೆ. ಮಾಪಕದ ಮೇಲ್ಭಾಗದಲ್ಲಿ ಬಲಕ್ಕೆ ಸರಿದರೆ ಅಂಕಿ ಹೆಚ್ಚಾಗಿ ಕಾಣುವುದು. ಎಷ್ಟು ಹೆಚ್ಚೆಂದು ಚಿತ್ರದಿಂದ ಲೆಕ್ಕಹಾಕಲು ಹೋಗಬಾರದು; ಮಾಪಕದ ನಟ್ಟನಡುವೆ ನೇರವಾಗಿ ಫೋನ್ ಹಿಡಿದು ಮತ್ತೆ ತೆಗೆಯಬೇಕು.

ನಾನು ಮೊದಲು ಕೇಳಿದ್ದು, ಪಟ್ಟಿಯ ಗಾಳಿಯನ್ನೆಲ್ಲ ಬಿಟ್ಟ ಮೇಲಿನ ಒಂದು ಚಿತ್ರವನ್ನು. ಆಗ ಮುಳ್ಳು ಸೊನ್ನೆಯ ಗುರುತಿನಲ್ಲಿಯೇ ನಿಲ್ಲಬೇಕು. ಹಾಗೆ ನಿಲ್ಲದೆ 6ರಲ್ಲೋ 8ರಲ್ಲೋ ನಿಂತರೆ, ಅಷ್ಟನ್ನು ಕಳೆದು ಸರಿಮಾಡಿಕೊಳ್ಳುವವರಿದ್ದಾರೆ. ಅದು ಸಲ್ಲದು. ಸೊನ್ನೆಯಲ್ಲಿ ತಪ್ಪಿದ ಮಾಪಕ ಮೇಲಿನ ಅಂಕಿಗಳಲ್ಲಿ ಅಷ್ಟೇ ತಪ್ಪುತ್ತದೆಯೆಂಬ ಭರವಸೆಯಿಲ್ಲ. ಅದನ್ನು ರಿಪೇರಿಗೆ ಕೊಡಬೇಕು. ಇವರ ಮಾಪಕದ ಮುಳ್ಳು ಸೊನ್ನೆಯಲ್ಲಿಯೇ ಇತ್ತು.

ಇನ್ನು ಉಳಿದದ್ದು ಎಲ್ಲಕ್ಕಿಂತ ದೊಡ್ಡ ತೊಡಕು. ಗಾಳಿ ಬಿಡುವಾಗ ಮುಳ್ಳು ನಿಲ್ಲದೆ ಇಳಿಯುತ್ತಿರುತ್ತದೆ. ಸ್ಟೆತಾಸ್ಕೋಪಿನಲ್ಲಿ ಮೊದಲ ಬಡಿತ ಕೇಳಿದಾಗಿನ ಅಂಕಿ ಮೇಲಿನ ಒತ್ತಡ. ಬಡಿತ ಅಡಗಿದಾಗಿನದು ಕೆಳಗಿನ ಒತ್ತಡ. ಬರೀ ಒಂದು ಫೋಟೋ ಈ ಎರಡರಲ್ಲಿ ಯಾವುದನ್ನೂ ಹೇಳಲಾರದು. ಮುಳ್ಳು ತುಯ್ದಾಡಲು ತೊಡಗಿದ ಕ್ಷಣವನ್ನೇ ಮೇಲಿನ ಒತ್ತಡವೆಂದು ಭಾವಿಸುವುದೂ ತಪ್ಪು. ಬಡಿತ ಕೇಳುವುದಕ್ಕೆ ಮೊದಲೇ ಆ ತುಯ್ದಾಟ ಕಾಣಿಸಬಹುದು. ಈ ಚಿತ್ರವನ್ನು ತೆಗೆದದ್ದು ಅಂತಹ ಗಳಿಗೆಯಲ್ಲಿಯೇ ಎಂದು ವಿಚಾರಿಸಿದಾಗ ತಿಳಿಯಿತು.

ಆದ್ದರಿಂದ ವಿಡಿಯೋ ಮಾಡಲು ಹೇಳಿದೆನು. ತಂದೆಯವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಇರಿಸಬೇಕು. ನರ್ಸಿಂಗ್ ಕಲಿತ ಸೊಸೆ ಆಲಿಸಬೇಕು, ಮಗ ನೇರವಾಗಿ ಚಿತ್ರೀಕರಿಸಬೇಕು. ಮುಳ್ಳು ಸೆಕೆಂಡಿಗೆ ಒಂದು ಮನೆಯಷ್ಟು, ಹೆಚ್ಚೆಂದರೆ ಒಂದೂವರೆ ಮನೆಯಷ್ಟು ಇಳಿಯುವಂತೆ ಗಾಳಿ ಬಿಡಬೇಕು. ಮೊದಲ ಬಡಿತಕ್ಕೆ ಆಕೆ "ಈಗ" ಎನ್ನಬೇಕು, ಬಡಿತ ನಿಂತಾಗ ಮತ್ತೊಮ್ಮೆ "ಈಗ" ಎನ್ನಬೇಕು. ಬಂದ ವಿಡಿಯೋವನ್ನು ಆ ಎರಡು ಮಾತುಗಳಲ್ಲಿ ನಿಲ್ಲಿಸಿ ಓದಿದೆನು: ಮೊದಲನೆಯದು 140ರಾಚೆಯ ಒಂದನೆಯ ಗೆರೆ, ಅಂದರೆ 142. ಎರಡನೆಯದು 80ರಾಚೆಯ ಮೂರನೆಯ ಗೆರೆ, 86. ಗುಳಿಗೆ ಇದ್ದಷ್ಟೇ ಮುಂದುವರಿಯಿತು. ಒಂದು ವಾರದ ಅಳತೆಗಳನ್ನು ಬರೆದುಕೊಂಡು, ಗುಳಿಗೆ ಬರೆದುಕೊಟ್ಟ ವೈದ್ಯರಿಗೇ ತೋರಿಸಲು ತಿಳಿಸಿದೆನು.

ಜ್ವರ ನೋಡುವ ಪಾದರಸದ ಕಡ್ಡಿಯಲ್ಲಿ ಈ ಅವಸರವಿಲ್ಲ. ಅದರ ಬುಡದ ಹತ್ತಿರ ಕೊಳವೆ ಕಿರಿದಾಗಿರುವುದರಿಂದ, ಏರಿದ ಪಾದರಸ ಕೊಡವುವ ತನಕ ಇಳಿಯುವುದಿಲ್ಲ. ಆದುದರಿಂದ ಬಾಯಿಂದ ತೆಗೆದ ಮೇಲೆ ಸಾವಕಾಶವಾಗಿ ಫೋಟೋ ತೆಗೆಯಬಹುದು. ಕಡ್ಡಿಯನ್ನು ಅಡ್ಡವಾಗಿ ಹಿಡಿದು, ಬೆಳ್ಳಿಯ ಎಳೆ ಅಗಲವಾಗಿ ಕಾಣುವ ತನಕ ಮೆಲ್ಲನೆ ಹೊರಳಿಸಬೇಕು. ಫ್ಲಾಶ್ ಬೇಡ, ಗಾಜಿನ ಹೊಳಪು ಎಳೆಯ ತುದಿಯನ್ನು ಮರೆಸುತ್ತದೆ. ಫ್ಯಾರನ್‌ಹೀಟ್ ಕಡ್ಡಿಯಲ್ಲಿ ಒಂದು ಡಿಗ್ರಿಗೆ ಐದು ಮನೆ. 100ರಾಚೆಯ ಮೂರನೆಯ ಗೆರೆಯೆಂದರೆ 100.6, ಅದನ್ನು 100.3 ಎಂದು ಬರೆದವರನ್ನು ನಾನು ಅನೇಕ ಸಲ ಕಂಡಿದ್ದೇನೆ. ತುದಿಯನ್ನಷ್ಟೇ ದೊಡ್ಡದು ಮಾಡಿ ಕಳುಹಿಸಬೇಡಿರಿ. ಎರಡೂ ಕಡೆಯ ಅಂಕಿಗಳು ಚಿತ್ರದೊಳಗಿರಲಿ, ಮತ್ತು ಆ ಚಿತ್ರ ಸ್ಪಷ್ಟವಾಗಿದೆಯೆಂದು ನೋಡಿಕೊಂಡ ನಂತರವೇ ಕಡ್ಡಿಯನ್ನು ಕೊಡವಿರಿ.