ಕೆಲಸ ಸಿಗುವ ಮೊದಲೇ ನೂರು ದಿನದ ಲೆಕ್ಕ

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರ ಜುಲೈನಲ್ಲಿ ರೇಡಿಯೋ ಭಾಷಣ ಮಾಡುತ್ತ ‘ನೂರು ದಿನ’ ಎಂಬ ಮಾತನ್ನು ಬಳಸಿದರು. ಅಷ್ಟು ಹೊತ್ತಿಗೆ ಆ ನೂರು ದಿನ ಮುಗಿದಿತ್ತು, ಮಾಡಿದ ಕೆಲಸದ ವರದಿಯನ್ನು ಅವರು ಜನರಿಗೆ ಒಪ್ಪಿಸುತ್ತಿದ್ದರು. ಇಂದಿನ ಕಂಪನಿಗಳು ಅದನ್ನು ತಿರುಗಿಸಿ ಹಿಡಿದಿವೆ. ದೊಡ್ಡ ಹುದ್ದೆಯ ಕೊನೆಯ ಸುತ್ತಿನ ಸಂದರ್ಶನಕ್ಕೆ ಕರೆಯುವಾಗಲೇ ‘ನಿಮ್ಮ ಮೊದಲ ನೂರು ದಿನದ ಯೋಜನೆ ತನ್ನಿ’ ಎನ್ನುತ್ತಾರೆ. ಕಚೇರಿಯ ಒಳಗೆ ಕಾಲಿಡದ ಮನುಷ್ಯ ಒಳಗಿನ ಕೆಲಸಕ್ಕೆ ದಿನಾಂಕ ಹಾಕಬೇಕು. ಕೇಳುವವರಿಗೂ ಇದು ವಿಚಿತ್ರವೆಂದು ಗೊತ್ತು. ಗೊತ್ತಿಲ್ಲದ್ದನ್ನು ಈತ ಹೇಗೆ ನಿಭಾಯಿಸುತ್ತಾನೆ ಎಂದು ನೋಡುವುದಕ್ಕೇ ಕೇಳುವುದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಜಿಲ್ಲಾ ಕೇಂದ್ರವೊಂದರಲ್ಲಿ 150 ಹಾಸಿಗೆಯ ಖಾಸಗಿ ಆಸ್ಪತ್ರೆ, ನಡೆಸುವುದು ಒಂದು ಕಂಪನಿ. ಅದರ ಆಡಳಿತ ಮುಖ್ಯಸ್ಥರ ಹುದ್ದೆಗೆ ಬೇರೆ ಊರಿನ ಆಸ್ಪತ್ರೆಯ ವ್ಯವಸ್ಥಾಪಕಿಯೊಬ್ಬರು ಅರ್ಜಿ ಹಾಕಿದ್ದಾರೆ. ಆಸ್ಪತ್ರೆಯ ಬಗ್ಗೆ ಜನ ಬರೆದ ಅಭಿಪ್ರಾಯಗಳನ್ನು ಓದಿದರೆ ಒಂದೇ ದೂರು: ‘ಬೆಳಿಗ್ಗೆ ಡಿಸ್‌ಚಾರ್ಜ್ ಅಂದರು, ಮನೆಗೆ ಹೋಗುವಾಗ ಸಂಜೆಯಾಯಿತು.’ ಸಹಜವಾಗಿಯೇ ಮೊದಲ ಕರಡಿನಲ್ಲಿ ಅವರು ಬರೆದದ್ದು ಹೀಗೆ: ‘ನೂರು ದಿನದಲ್ಲಿ ಡಿಸ್‌ಚಾರ್ಜ್ ಸಮಯವನ್ನು ಮೂರು ಗಂಟೆ ಇಳಿಸುತ್ತೇನೆ, ಹಾಸಿಗೆ ಬೇಗ ತೆರವಾಗಿ ಆದಾಯ ಹೆಚ್ಚುತ್ತದೆ.’

ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ಕೈಗೆ ಬರುವುದು ಬೇರೆ.

ಲೆಕ್ಕಕ್ಕೆ ಅಂಕಿ ಎಲ್ಲಿಂದ ಬರಬೇಕು? ಹೆಚ್ಚಿನ ಅಭ್ಯರ್ಥಿಗಳು ಕಂಪನಿಯ ಜಾಲತಾಣ ಓದಿ ಸುಮ್ಮನಾಗುತ್ತಾರೆ. ಅಲ್ಲಿರುವುದು ಜಾಹೀರಾತು. ಬ್ಯಾಂಕ್ ಸಾಲ ಪಡೆದ ಕಂಪನಿಗಳಿಗೆ ಕ್ರಿಸಿಲ್, ಇಕ್ರಾ, ಕೇರ್‌ನಂಥ ಸಂಸ್ಥೆಗಳು ರೇಟಿಂಗ್ ಕೊಡುವಾಗ ಕಾರಣಗಳನ್ನು ವಿವರಿಸುವ ಟಿಪ್ಪಣಿಯನ್ನೂ ಪ್ರಕಟಿಸುತ್ತವೆ. ಅದನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಆಸ್ಪತ್ರೆಯಾದರೆ ಎಷ್ಟು ಹಾಸಿಗೆ ತುಂಬಿರುತ್ತದೆ, ವಿಮೆಯ ಹಣ ಎಷ್ಟು ತಡವಾಗಿ ಬರುತ್ತದೆ, ಸಾಲದ ಒತ್ತಡ ಎಷ್ಟು ಎಂಬುದೆಲ್ಲ ಎಷ್ಟೋ ಬಾರಿ ಅದರಲ್ಲೇ ಸಿಗುತ್ತದೆ. ಕಂಪನಿಯ ಬ್ಯಾಲೆನ್ಸ್ ಶೀಟನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ತೆಗೆಯಬಹುದು. ಒಳಗಿರುವ ಗೆಳೆಯರಿಂದ ಗುಟ್ಟಾಗಿ ಅಂಕಿ ತರಿಸಿಕೊಳ್ಳುವವರೂ ಇದ್ದಾರೆ. ಅದು ಬೇಡ. ಮೇಜಿನ ಆಚೆ ಕೂತವರು ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದರೆ ಉತ್ತರವಿಲ್ಲ, ಜೊತೆಗೆ ಆ ಗೆಳೆಯನ ಕೆಲಸಕ್ಕೂ ಕುತ್ತು.

ನಮ್ಮ ಅಭ್ಯರ್ಥಿಗೆ ಸಿಕ್ಕಿದ್ದು ಇಷ್ಟು ಎಂದಿಟ್ಟುಕೊಳ್ಳಿ: 150ರಲ್ಲಿ ಸರಾಸರಿ 110 ಹಾಸಿಗೆ ತುಂಬಿರುತ್ತವೆ, ರೋಗಿ ಸರಾಸರಿ ನಾಲ್ಕು ದಿನ ಇರುತ್ತಾನೆ, ವರ್ಷದ ಆದಾಯ 48 ಕೋಟಿ, ವಸೂಲಾಗಬೇಕಾದ ಬಾಕಿ 12 ಕೋಟಿ. 110ನ್ನು ನಾಲ್ಕರಿಂದ ಭಾಗಿಸಿದರೆ ದಿನಕ್ಕೆ ಸುಮಾರು 27 ಡಿಸ್‌ಚಾರ್ಜ್. ಪ್ರತಿಯೊಂದರಲ್ಲೂ ಮೂರು ಗಂಟೆ ಉಳಿದರೆ 81 ಗಂಟೆ, ಅಂದರೆ ಮೂರು ಚಿಲ್ಲರೆ ಹಾಸಿಗೆ ಮಾತ್ರ. ಈಗಾಗಲೇ ದಿನವೂ 40 ಹಾಸಿಗೆ ಖಾಲಿ ಇರುವ ಆಸ್ಪತ್ರೆಗೆ ಇನ್ನೂ ಮೂರು ಖಾಲಿ ಮಾಡಿಕೊಟ್ಟರೆ ಆದಾಯ ಎಲ್ಲಿಂದ ಬರಬೇಕು? ರೋಗಿಯ ನೆಮ್ಮದಿಗಾಗಿ ಆ ಕೆಲಸ ಮಾಡಲೇಬೇಕು, ಸರಿ. ಆದರೆ ಆದಾಯದ ಮಾತು ಹಣಕಾಸು ನಿರ್ದೇಶಕರ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಆಗ ಕಣ್ಣು 12 ಕೋಟಿಯ ಮೇಲೆ ಬೀಳುತ್ತದೆ. 48 ಕೋಟಿ ಆದಾಯಕ್ಕೆ 12 ಕೋಟಿ ಬಾಕಿ ಎಂದರೆ ಮೂರು ತಿಂಗಳ ದುಡಿಮೆ ಹೊರಗೇ ಇದೆ ಎಂದರ್ಥ. ಅದರಲ್ಲಿ ಹತ್ತು ದಿನದಷ್ಟು ಇಳಿದರೂ ಸುಮಾರು 1 ಕೋಟಿ 30 ಲಕ್ಷ ರೂಪಾಯಿ ಬ್ಯಾಂಕಿಗೆ ಬರುತ್ತದೆ. ಔಷಧ ಪೂರೈಕೆದಾರರ ಬಾಕಿ ಚುಕ್ತಾ ಮಾಡಲು, ಓವರ್‌ಡ್ರಾಫ್ಟ್ ಬಡ್ಡಿ ಉಳಿಸಲು ಅದು ದೊಡ್ಡ ಮೊತ್ತವೇ. ಹಾಗಾಗಿ ಎರಡನೆಯ ಕರಡಿನ ಕೇಂದ್ರ ಬದಲಾಯಿತು.

ಆದರೆ ಇಲ್ಲೂ ಅವಸರದ ಭರವಸೆ ಕೆಲಸಕ್ಕೆ ಬಾರದು. ಬಾಕಿ ಎಂಬುದು ಒಂದೇ ರಾಶಿಯಲ್ಲ. ಆಸ್ಪತ್ರೆಯೇ ಇನ್ನೂ ಕಳಿಸದ ಫೈಲುಗಳ ಹಣ ಅದರಲ್ಲಿದೆ. ದಾಖಲೆ ಸಾಲದೆಂದು ವಿಮಾ ಕಂಪನಿ ಅಥವಾ ಟಿಪಿಎ ಪ್ರಶ್ನೆ ಹಾಕಿ ನಿಲ್ಲಿಸಿದ್ದು ಇನ್ನೊಂದು ಭಾಗ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ ಸರ್ಕಾರದಿಂದ ಬರಬೇಕಾದ್ದು ಮತ್ತೊಂದು. ಮೊದಲಿನದು ಪೂರ್ತಿ ಆಸ್ಪತ್ರೆಯ ಕೈಯಲ್ಲಿದೆ, ಎರಡನೆಯದು ಅರ್ಧ. ಮೂರನೆಯದಕ್ಕೆ ಯಾವ ಅಧಿಕಾರಿಯೂ ದಿನಾಂಕ ಕೊಡಲಾರ. ಯಾವುದು ಎಷ್ಟಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಕಾಣದ್ದನ್ನು ಕಾಣದು ಎಂದೇ ಬರೆದು, ನೋಡುವ ದಿನವನ್ನು ಗುರುತಿಸುವುದರಲ್ಲಿ ಈ ಹಾಳೆಯ ಜಾಣತನವಿದೆ.

ಅವರ ಹಾಳೆ ಹೀಗೆ ಬಂತು. ಮೊದಲ ಮೂವತ್ತು ದಿನ ಹಳೆಯ ಬಾಕಿಯನ್ನು ಕಾರಣವಾರು ವಿಂಗಡಿಸುವುದು, ಬಿಲ್ಲಿಂಗ್, ಫಾರ್ಮಸಿ, ವಾರ್ಡ್ ಮೂರರಲ್ಲೂ ಕೂತು ಒಂದು ಫೈಲು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡುವುದು, ಮೂವತ್ತನೇ ದಿನ ಆ ಪಟ್ಟಿಯನ್ನು ಮಂಡಳಿಯ ಮುಂದಿಡುವುದು. ದೊಡ್ಡ ಪಾಲು ಕಳಿಸದ ಫೈಲುಗಳದ್ದಾದರೆ ಅರವತ್ತನೇ ದಿನದೊಳಗೆ ಪ್ರತಿ ಫೈಲೂ ಡಿಸ್‌ಚಾರ್ಜ್ ಆದ ಏಳು ದಿನದಲ್ಲಿ ಹೊರಡುವಂತೆ ಮಾಡಿ, ನೂರನೇ ದಿನಕ್ಕೆ ಆ ಬಾಕಿಯನ್ನು ಅರ್ಧಕ್ಕೆ ಇಳಿಸುವುದು. ಪ್ರಶ್ನೆಗಳದ್ದಾದರೆ ಡಿಸ್‌ಚಾರ್ಜ್ ಸಮ್ಮರಿಯ ನಮೂನೆ ಮೊದಲು ಸರಿಯಾಗಬೇಕು. ಸರ್ಕಾರದ್ದೇ ಹೆಚ್ಚಾದರೆ ವಸೂಲಿಯ ಗುರಿ ಕೊಡದೆ, ಆ ಯೋಜನೆಯಡಿ ಎಷ್ಟು ರೋಗಿಗಳನ್ನು ತೆಗೆದುಕೊಂಡರೆ ನಗದು ತಾಳುತ್ತದೆ ಎಂಬ ಲೆಕ್ಕವನ್ನು ಮಂಡಳಿಯ ತೀರ್ಮಾನಕ್ಕೆ ಒಯ್ಯುವುದು. ಡಿಸ್‌ಚಾರ್ಜ್ ತಡವೂ ಪಕ್ಕದಲ್ಲೇ ಇತ್ತು, ಏಕೆಂದರೆ ಸಮ್ಮರಿ ಬೇಗ ಮತ್ತು ಸರಿಯಾಗಿ ಸಿದ್ಧವಾದರೆ ಎರಡೂ ಗಂಟು ಒಟ್ಟಿಗೆ ಸಡಿಲವಾಗುತ್ತವೆ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ, ಡಿಸ್‌ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಕ್ಯಾಶ್‌ಲೆಸ್ ಬಿಲ್ಲಿಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ಹೇಳಿದೆ. ಕೋರಿಕೆಯನ್ನೇ ಮಧ್ಯಾಹ್ನ ಕಳಿಸಿದರೆ ಆ ನಿಯಮದಿಂದ ಏನೂ ಆಗದು.

ಈ ಹಂತದಲ್ಲಿ ಸಮಿತಿಯಲ್ಲಿರುವ ಹಿರಿಯ ಶಸ್ತ್ರವೈದ್ಯರು ಸುಮ್ಮನಿರುವುದಿಲ್ಲ. ‘ನಾವು ಡಾಕ್ಟರುಗಳು ಸಮ್ಮರಿ ತಡ ಮಾಡ್ತೀವಿ ಅಂತೀರಾ ಮೇಡಂ?’ ಎನ್ನುತ್ತಾರೆ. ‘ಹಾಗೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ ಸರ್. ತಡ ಬಿಲ್ಲಿಂಗ್‌ನಲ್ಲೇ ಇರಬಹುದು. ಅದಕ್ಕೇ ಮೊದಲ ತಿಂಗಳು ನೋಡೋಕೆ ಇಟ್ಟಿದೀನಿ’ ಎಂಬ ಉತ್ತರ ಸಾಕು. ಮೊದಲ ಕರಡಿಗೆ ಈ ಉತ್ತರ ಸಾಧ್ಯವಿರಲಿಲ್ಲ, ಅದರಲ್ಲಿ ತೀರ್ಪು ಮೊದಲೇ ಬರೆದಾಗಿತ್ತು. ಇಲ್ಲದವರ ಮೇಲೆ ತೀರ್ಪು ಕೊಡುವುದು ಇನ್ನೂ ಅಪಾಯ. ‘ತಂಡವನ್ನು ಬದಲಿಸುತ್ತೇನೆ’ ಎಂದು ಬರೆದವರು, ಆ ತಂಡವನ್ನು ನೇಮಿಸಿದವರ ಎದುರಿಗೇ ಕೂತಿರುತ್ತಾರೆ ಎಂಬುದನ್ನು ಮರೆಯುತ್ತಾರೆ.

ಕ್ಯಾಲೆಂಡರ್ ನೋಡದೆ ದಿನಾಂಕ ಹಾಕುವುದು ಇನ್ನೊಂದು ತಪ್ಪು. ನೂರು ದಿನ ಎಂದರೆ ಹದಿನಾಲ್ಕು ವಾರ, ಭಾನುವಾರ ಕಳೆದರೆ ಎಂಬತ್ತೈದರ ಆಸುಪಾಸು. ಸೆಪ್ಟೆಂಬರ್‌ನಲ್ಲಿ ಸೇರಿದರೆ ದಸರೆ, ದೀಪಾವಳಿ ಎರಡೂ ಅದರೊಳಗೇ ಬರುತ್ತವೆ. ಆ ವಾರಗಳಲ್ಲಿ ಹೊಸ ನಮೂನೆ ಜಾರಿ ಮಾಡುತ್ತೇನೆಂದರೆ ಯಾರೂ ನಂಬುವುದಿಲ್ಲ. ಈಗಿನ ಕೆಲಸದ ನೋಟಿಸ್ ಅವಧಿ ಮೂರು ತಿಂಗಳಿದ್ದರೆ, ಇಂದಿನ ಅಂಕಿಗಳು ಸೇರುವ ಹೊತ್ತಿಗೆ ಹಳತಾಗಿರುತ್ತವೆ. ಆದ್ದರಿಂದ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಎಲ್ಲಿಂದ, ಯಾವ ವರ್ಷದ್ದು ಎಂದು ಬರೆಯಬೇಕು.

ಇಷ್ಟನ್ನೂ ಒಂದು, ಹೆಚ್ಚೆಂದರೆ ಎರಡು ಹಾಳೆಯಲ್ಲಿ ಮುಗಿಸಿ. ಇಪ್ಪತ್ತು ಸ್ಲೈಡ್ ಒಯ್ದರೆ ಆರನೆಯದಕ್ಕೇ ಸಮಯ ಮುಗಿಯುತ್ತದೆ. ಹತ್ತು ನಿಮಿಷ ನೀವು ಮಾತಾಡಿ, ಉಳಿದದ್ದನ್ನು ಅವರ ಪ್ರಶ್ನೆಗೆ ಬಿಡಿ. ಹೊರಡುವ ಹಿಂದಿನ ರಾತ್ರಿ ಹಾಳೆಯಲ್ಲಿರುವ ಸಂಸ್ಥೆಯ ಹೆಸರು ಅಳಿಸಿ ಬೇರೊಂದರ ಹೆಸರು ಹಾಕಿ ಓದಿ ನೋಡಿ. ಆಗಲೂ ಸರಿಹೊಂದಿದರೆ ಆ ಯೋಜನೆ ಇನ್ನೂ ಆಗಿಲ್ಲ. ಸಮಿತಿಗೆ ಕೊಟ್ಟ ಪ್ರತಿ ನಿಮ್ಮ ಕಡತದಲ್ಲೇ ಉಳಿಯುತ್ತದೆ ಎಂಬುದೂ ನೆನಪಿರಲಿ. ಆಯ್ಕೆಯಾದರೆ ನೂರನೇ ದಿನ ಅದೇ ಹಾಳೆ ಮೇಜಿನ ಮೇಲೆ ಬರುತ್ತದೆ.